ಪ್ಲಿಂತ್ ಬೀಮ್‌ಗೆ ಸಿಮೆಂಟ್, ಕಂಬಿ, ಮರಳು: ಅಂಗಡಿಗೆ ಕೊಡುವ ಪತ್ರವನ್ನು ಒಮ್ಮೆ ನೋಡಿ ಹೇಳಿ

ಪಾಯದ ಮನೆ, ತುಮಕೂರು

ಊರಿನ ಹೊರಗೆ 30×40ರ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಂಪು ಮಣ್ಣು, ಗಟ್ಟಿ ನೆಲ. ಹನ್ನೆರಡು ಪಿಲ್ಲರ್‌ಗಳು ನೆಲಮಟ್ಟಕ್ಕೆ ಬಂದು ನಿಂತಿವೆ. ಮುಂದಿನ ಕೆಲಸ ಪ್ಲಿಂತ್ ಬೀಮ್. ಪಾಯದ ಕೆಲಸಕ್ಕೆ ಸಾಮಾನನ್ನು ಫೋನಿನಲ್ಲೇ ಹೇಳಿ ತರಿಸಿದ್ದೆವು. ಸಿಮೆಂಟ್ ಮೊದಲೇ ಬಂದು ಬಿದ್ದಿತ್ತು, ಕಂಬಿ ತಡವಾಯಿತು, ಆಳುಗಳಿಗೆ ಸುಮ್ಮನೆ ಕೂಲಿ ಕೊಡಬೇಕಾಯಿತು. ಆದ್ದರಿಂದ ಈ ಬಾರಿ ಹಾರ್ಡ್‌ವೇರ್ ಅಂಗಡಿಗೆ ದಿನಾಂಕ ಸಮೇತ ಪತ್ರ ಕೊಡಬೇಕೆಂದಿದ್ದೇನೆ.

ನಕ್ಷೆಯಲ್ಲಿ ಬೀಮ್ 9 ಅಂಗುಲ ಅಗಲ, 12 ಅಂಗುಲ ಎತ್ತರ. 32 ಅಡಿಯ ಮೂರು ಸಾಲು, 25 ಅಡಿಯ ನಾಲ್ಕು ಸಾಲು, ಒಟ್ಟು ಹೆಚ್ಚುಕಡಿಮೆ 60 ಮೀಟರ್. ಉದ್ದಕ್ಕೂ 12 ಎಂ.ಎಂ. ಕಂಬಿ ನಾಲ್ಕು, 8 ಎಂ.ಎಂ. ರಿಂಗ್ ಆರು ಅಂಗುಲಕ್ಕೊಂದು. ಕಾಂಕ್ರೀಟ್ ಎಂ20. ಬೀಮ್ ಕೆಳಗೆ ನಾಲ್ಕು ಅಂಗುಲದ ಬೆಡ್. ಕರಡು ಹೀಗಿದೆ:

"ಮಾನ್ಯರೇ, ನಮ್ಮ ಮನೆಯ ಪ್ಲಿಂತ್ ಬೀಮ್ ಕೆಲಸಕ್ಕೆ ಈ ಕೆಳಗಿನ ಸಾಮಾನು ಬೇಕಾಗಿದೆ. ಜನವರಿ 19, ಸೋಮವಾರ: 12 ಎಂ.ಎಂ. ಕಂಬಿ 235 ಕೆ.ಜಿ., 8 ಎಂ.ಎಂ. ಕಂಬಿ 160 ಕೆ.ಜಿ., ಕಟ್ಟುವ ತಂತಿ 5 ಕೆ.ಜಿ. ಜನವರಿ 21: ಬೆಡ್‌ಗೆ ಸಿಮೆಂಟ್ 8 ಚೀಲ, ಎಂ-ಸ್ಯಾಂಡ್ ಅರ್ಧ ಲೋಡ್. ಜನವರಿ 28: ಎಂ-ಸ್ಯಾಂಡ್ ಇನ್ನರ್ಧ ಲೋಡ್. ಜನವರಿ 30: ಸಿಮೆಂಟ್ 36 ಚೀಲ. ದಯವಿಟ್ಟು ಸಮಯಕ್ಕೆ ಕಳುಹಿಸಿಕೊಡಿ."

ಕಾಂಕ್ರೀಟ್ ಹಾಕುವುದು ಜನವರಿ 31ರ ಶನಿವಾರ. ಪ್ರಮಾಣ ಸರಿಯಿದೆಯೇ, ದಿನಾಂಕಗಳು ಹೊಂದುತ್ತವೆಯೇ?

ಲೆಕ್ಕದ ಮೇಷ್ಟ್ರು

ಪತ್ರದಲ್ಲಿ ದರದ ಮಾತೇ ಇಲ್ಲವಲ್ಲ ಸ್ವಾಮಿ. ಇಂದಿನ ದರ ಬೇರೆ, 30ನೇ ತಾರೀಕಿನ ದರ ಬೇರೆ ಆಗಬಹುದು. ನನ್ನ ಸಲಹೆ ಕೇಳಿದರೆ ಕಂತು ಗಿಂತು ಬಿಟ್ಟು ಎಲ್ಲವನ್ನೂ 19ಕ್ಕೇ ಇಳಿಸಿಕೊಳ್ಳಿ. ಸಿಮೆಂಟ್‌ಗೆ ಶೇ 28 ಜಿಎಸ್‌ಟಿ ಇದೆ, ದರ ಸೇರಿ ಹೇಳುತ್ತಾರೋ ಬಿಟ್ಟು ಹೇಳುತ್ತಾರೋ ಅದನ್ನೂ ಬರೆಸಿಕೊಳ್ಳಿ.

ಅಂಗಡಿ ಕಟ್ಟೆ, ಚಿತ್ರದುರ್ಗ

ನಾನು ಇದೇ ವ್ಯಾಪಾರದಲ್ಲಿರುವವನು. ಮೇಷ್ಟ್ರೇ, ಸಿಮೆಂಟ್ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಕಂಬಿಗೂ ಶೇ 18. ಆದರೆ ತೆರಿಗೆ ಸೇರಿದ ದರವನ್ನೇ ಪತ್ರದಲ್ಲಿ ಬರೆಸಿಕೊಳ್ಳಿ ಎಂಬ ನಿಮ್ಮ ಮಾತು ಸರಿ. "ಈ ದರ ಜನವರಿ 31ರವರೆಗಿನ ಎಲ್ಲ ಕಂತುಗಳಿಗೂ ಅನ್ವಯ" ಎಂದು ಒಂದು ಸಾಲು ಸೇರಿಸಿದರೆ ದರ ಏರುವ ಭಯಕ್ಕೆ ಸಿಮೆಂಟನ್ನು ಎರಡು ವಾರ ಮೊದಲೇ ಇಳಿಸಿಕೊಳ್ಳಬೇಕಾಗಿಲ್ಲ.

ಕರಡಿನ ಬಗ್ಗೆ ಅಂಗಡಿಯವನಾಗಿ ಹೇಳುವುದಾದರೆ, ಎಂಟು ಚೀಲ ಸಿಮೆಂಟ್‌ಗಾಗಿ ಯಾರೂ ಪ್ರತ್ಯೇಕ ಗಾಡಿ ಕಳುಹಿಸುವುದಿಲ್ಲ. ಕಳುಹಿಸಿದರೆ ಬಾಡಿಗೆ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಆ ಎಂಟು ಚೀಲವನ್ನು 19ರ ಕಂಬಿ ಗಾಡಿಯಲ್ಲೇ ಹಾಕಿಸಿ. ಎರಡು ದಿನ ಹಲಗೆಯ ಮೇಲೆ, ಟಾರ್ಪಾಲ್ ಕೆಳಗೆ ಇದ್ದರೆ ಸಿಮೆಂಟ್‌ಗೆ ಏನೂ ಆಗುವುದಿಲ್ಲ. ಮರಳನ್ನೂ ಎರಡು ಸಲ ತರಿಸಬೇಡಿ. ಅರ್ಧ ಲೋಡ್ ತಂದರೂ ಟಿಪ್ಪರಿನವನು ಪೂರ್ತಿ ಬಾಡಿಗೆಯನ್ನೇ ಕೇಳುತ್ತಾನೆ. ಮರಳು ಕಾಯುವುದರಿಂದ ಕೆಡುವುದಿಲ್ಲ, 20ನೇ ತಾರೀಕು ಒಂದೇ ಸಲ ಇಳಿಸಿಕೊಳ್ಳಿ. ನಾಲ್ಕು ಕಂತು ಮೂರಾಗುತ್ತದೆ, ಕೆಲಸಕ್ಕೇನೂ ಅಡ್ಡಿಯಿಲ್ಲ.

ಇನ್ನೊಂದು. ಇಳಿಸುವ ಹಮಾಲಿ ಯಾರದು, ನಿವೇಶನದ ರಸ್ತೆಗೆ ದೊಡ್ಡ ಗಾಡಿ ಬರುತ್ತದೆಯೇ, ಎರಡನ್ನೂ ಬರೆಯಿರಿ. ಕಂಬಿಯನ್ನು ಮಧ್ಯಕ್ಕೆ ಮಡಿಸಿ ತಂದರೂ ಆರು ಮೀಟರ್ ಉದ್ದ ಇರುತ್ತದೆ. ಮೂಲೆಯಲ್ಲಿ ಗಾಡಿ ತಿರುಗದಿದ್ದರೆ ಬೀದಿ ತುದಿಯಲ್ಲೇ ಇಳಿಸಿ ಹೋಗುತ್ತಾರೆ.

ಸೈಟ್ ನೋಟ್‌ಬುಕ್, ಮೈಸೂರು

ನಾನು ಸಿವಿಲ್ ಎಂಜಿನಿಯರ್, ಹೆಚ್ಚಾಗಿ ಇಂಥ ಸಣ್ಣ ಮನೆಗಳನ್ನೇ ನೋಡಿಕೊಳ್ಳುತ್ತೇನೆ. ಸಿಮೆಂಟ್ ಲೆಕ್ಕ ಸರಿಯಾಗಿದೆ. ಬೀಮ್‌ನ ಕಾಂಕ್ರೀಟ್ ಸುಮಾರು 4.1 ಘನ ಮೀಟರ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣದಲ್ಲಿ 34 ಚೀಲ. ಬೆಡ್‌ಗೆ ಏಳು ಚೀಲ. ಒಂದೆರಡು ಚೀಲ ಹೆಚ್ಚುವರಿ ಸೇರಿ ನಿಮ್ಮ 44 ಸರಿಹೊಂದುತ್ತದೆ.

ಕಂಬಿಯ ಲೆಕ್ಕದಲ್ಲಿ ಮಾತ್ರ ನಿಲ್ಲಬೇಕು. ನೀವು 240 ಮೀಟರನ್ನು 0.888ರಿಂದ ಗುಣಿಸಿ, ಶೇ 10 ಸೇರಿಸಿ 235 ಕೆ.ಜಿ. ಬರೆದಿದ್ದೀರಿ ಎಂದು ಕಾಣುತ್ತದೆ. ತೂಕದ ಪ್ರಕಾರ ಅದು ತಪ್ಪಲ್ಲ. ಆದರೆ ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. 235 ಕೆ.ಜಿ. ಎಂದರೆ 22 ಕಂಬಿ. ಅವುಗಳನ್ನು ನಿಮ್ಮ ಸಾಲುಗಳಿಗೆ ಹಂಚಿ ನೋಡೋಣ.

32 ಅಡಿಯ ಸಾಲು 9.75 ಮೀಟರ್. ಎರಡೂ ತುದಿಯಲ್ಲಿ ಪಿಲ್ಲರಿನೊಳಗೆ ಬಗ್ಗಿಸಲು 40 ಸೆಂ.ಮೀ.ನಂತೆ ಸೇರಿಸಿದರೆ ಒಂದು ತುಂಡು 10.55 ಮೀಟರ್. ಒಂದು ಕಂಬಿಗೆ ಒಂದೇ ತುಂಡು, ಉಳಿಯುವ ಒಂದೂವರೆ ಮೀಟರ್ ಈ ಕೆಲಸಕ್ಕೆ ಬಾರದು. ಮೂರು ಸಾಲಿಗೆ 12 ಕಂಬಿ ಹೋಯಿತು. 25 ಅಡಿಯ ಸಾಲಿಗೆ ಇದೇ ರೀತಿ 8.42 ಮೀಟರ್ ಬೇಕು, ನಾಲ್ಕು ಸಾಲಿಗೆ ಅಂಥ 16 ತುಂಡು. ನಿಮ್ಮ ಬಳಿ ಉಳಿದಿರುವುದು 10 ಕಂಬಿ. ಅವುಗಳಿಂದ 10 ತುಂಡು, ಜೊತೆಗೆ 3.58 ಮೀಟರಿನ 10 ಚೂರು. ಮೂರು ಚೂರು ಜೋಡಿಸಿದರೆ ಒಂದು ತುಂಡು ಆಗುತ್ತದೆ ಎಂದುಕೊಂಡರೂ ಇನ್ನು ಮೂರು. ಹದಿಮೂರಕ್ಕೆ ನಿಂತುಹೋಗುತ್ತದೆ. ಕಂಬಿ ಕಟ್ಟುವವರು ಕೊನೆಯ ಸಾಲಿಗೆ ಬಂದಾಗ ಮೂರು ಕಂಬಿ ಕಡಿಮೆ ಬೀಳುತ್ತದೆ. ಆಗ ಮೇಸ್ತ್ರಿ ಒಂದೂವರೆ ಮೀಟರಿನ ಚೂರುಗಳನ್ನೆಲ್ಲ ಒಂದರ ಪಕ್ಕ ಒಂದು ಕಟ್ಟಿ ಮುಗಿಸಿಬಿಡುತ್ತಾನೆ. ಒಂದೇ ಜಾಗದಲ್ಲಿ ಎಲ್ಲ ಜೋಡಣೆಗಳು ಬೀಳುವುದು ಹೀಗೆಯೇ.

ನಮ್ಮ ಕಡೆ 12 ಎಂ.ಎಂ. ಕಂಬಿ ಕಟ್ಟಿಗೆ ಐದು ಬರುತ್ತದೆ. ಐದು ಕಟ್ಟು ಎಂದರೆ 25 ಕಂಬಿ, ಸುಮಾರು 266 ಕೆ.ಜಿ. ಹದಿಮೂರು ತುಂಡು ಪೂರ್ತಿ ಕಂಬಿಯಲ್ಲಿ ಬರುತ್ತದೆ, ಉಳಿದ ಮೂರನ್ನು ಚೂರುಗಳಿಂದ ಮಾಡಬಹುದು. ಮೂರು ಚೂರು ಸೇರಿ 10.74 ಮೀಟರ್, ಬೇಕಿರುವುದು 8.42. ಅಂದರೆ ಎರಡು ಜೋಡಣೆಗೂ ಒಂದು ಮೀಟರಿಗಿಂತ ಹೆಚ್ಚು ಸಿಗುತ್ತದೆ, 70 ಸೆಂ.ಮೀ. ಇದ್ದರೂ ಸಾಕು. ಆ ಮೂರನ್ನು ಬೇರೆ ಬೇರೆ ಸಾಲಿಗೆ ಹಾಕಿಸಿ. ಪತ್ರದಲ್ಲಿ ಕೆ.ಜಿ. ಮೊದಲು ಬರೆಯಬೇಡಿ. "12 ಮೀಟರ್ ಉದ್ದದ 25 ಕಂಬಿ" ಎಂದು ಬರೆದು, ತೂಕವನ್ನು ಆಮೇಲೆ ಹಾಕಿ.

ರಿಂಗ್‌ಗೂ ಹೀಗೆಯೇ. ಸುಮಾರು 400 ರಿಂಗ್. ಕೊಕ್ಕೆ ಸೇರಿ ಒಂದಕ್ಕೆ 98 ಸೆಂ.ಮೀ. ಆದರೆ ಒಂದು ಕಂಬಿಯಲ್ಲಿ 12 ಬರುತ್ತದೆ, 34 ಕಂಬಿ ಸಾಕು. ಬಗ್ಗಿಸುವವನು 102 ಸೆಂ.ಮೀ.ಗೆ ಕತ್ತರಿಸಿದರೆ ಹನ್ನೊಂದೇ ಬರುತ್ತದೆ, ಆಗ 37 ಬೇಕು. ಕತ್ತರಿಸುವ ಮೊದಲು ಒಂದು ರಿಂಗ್ ಬಗ್ಗಿಸಿ, ಅಳತೆ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಲಿ.

ಕಡಲ ಕಡೆಯವರು, ಕುಂದಾಪುರ

ನನ್ನ ಅನುಭವ ಹೇಳುತ್ತೇನೆ. ನಾವು ಮೇ ತಿಂಗಳ ಕೊನೆಗೆ ಸಿಮೆಂಟ್ ತರಿಸಿ ಜಗಲಿಯಲ್ಲಿ ಗೋಡೆಗೆ ತಾಗಿಸಿ ಪೇರಿಸಿದ್ದೆವು. ಮಳೆ ಹಿಡಿಯಿತು, ಕೆಲಸ ನಿಂತಿತು. ತೆಗೆದು ನೋಡಿದರೆ ಗೋಡೆ ಬದಿಯ ಚೀಲಗಳೆಲ್ಲ ಕಲ್ಲು. ಕೆಲವು ಚೀಲಗಳಲ್ಲಿ ಉಂಡೆಗಳು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿರಲಿಲ್ಲ. ಅವನ್ನು ಜರಡಿ ಹಿಡಿದು ಬಳಸಬಹುದೆಂದು ಕೆಲವರು ಹೇಳಿದರು. ನನ್ನ ಅತ್ತೆಯವರು ಖಡಾಖಂಡಿತವಾಗಿ ಬೇಡವೆಂದರು. ಬೀಮ್‌ಗೆ ಬಳಸಲಿಲ್ಲ.

ಪ್ಲಿಂತ್ ರಸ್ತೆಗಿಂತ ಎಷ್ಟು ಎತ್ತರ ಇಡುತ್ತಿದ್ದೀರಿ? ನಮ್ಮಲ್ಲಿ ಎರಡೂವರೆ ಅಡಿ ಇಟ್ಟರೂ ಕಡಿಮೆಯೇ.

ಪಾಯದ ಮನೆ, ತುಮಕೂರು

ಮೇಡಂ, ಎತ್ತರ ನಕ್ಷೆಯಲ್ಲಿ ನಿಗದಿಯಾಗಿದೆ, ಇಲ್ಲಿ ಕೇಳಿದ್ದು ಸಾಮಾನಿನ ಪತ್ರದ ಬಗ್ಗೆ. ಆದರೆ ಸಿಮೆಂಟ್ ಕಥೆ ಕೇಳಿ 36 ಚೀಲವನ್ನು ಹಿಂದಿನ ದಿನವೇ ತರಿಸುವ ತೀರ್ಮಾನ ಗಟ್ಟಿಯಾಯಿತು. ಚೀಲದ ಮೇಲಿನ ತಯಾರಿಕೆಯ ವಾರ ಮತ್ತು ವರ್ಷವನ್ನು ನೋಡಿ ಇಳಿಸಿಕೊಳ್ಳುತ್ತೇನೆಂದು ಪತ್ರದಲ್ಲಿ ಸೇರಿಸುತ್ತೇನೆ.

ಮರಳಿನ ಅಳತೆಯ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಲೋಡ್ ಎಂದು ಬರೆದರೆ ಸಾಕೇ? ಜಲ್ಲಿ ಕ್ರಷರ್‌ನಿಂದ ನೇರ ಬರುತ್ತದೆ, ಅದು ಈ ಪತ್ರದಲ್ಲಿಲ್ಲ.

ಟ್ರ್ಯಾಕ್ಟರ್ ಮಾಲೀಕ, ಕುಣಿಗಲ್

ಲೋಡ್ ಎಂದರೆ ಗಾಡಿಗೊಂದು ಅಳತೆ. ಅದನ್ನು ಬರೆಯಲೇಬೇಡಿ. ಟನ್ ಲೆಕ್ಕದಲ್ಲಿ ತೆಗೆದುಕೊಳ್ಳಿ, ತೂಕದ ಚೀಟಿ ಇರುತ್ತದೆ, ಮೋಸವೇ ಇಲ್ಲ.

ಸೈಟ್ ನೋಟ್‌ಬುಕ್, ಮೈಸೂರು

ಲೋಡ್ ಎಂದು ಬರೆಯಬಾರದು ಎನ್ನುವುದು ನಿಜ. ಟನ್ ಲೆಕ್ಕದಲ್ಲಿ ಮೋಸವೇ ಇಲ್ಲ ಎನ್ನುವುದನ್ನು ಒಪ್ಪಲಾರೆ. ಎಂ-ಸ್ಯಾಂಡನ್ನು ತೊಳೆದು ಹಸಿಯಾಗಿಯೇ ತುಂಬಿದರೆ ನೀರಿನ ತೂಕಕ್ಕೂ ಹಣ ಕೊಟ್ಟಂತೆ. ಗಾಡಿಯ ಹಿಂದಿನಿಂದ ನೀರು ಸೋರುತ್ತಿದ್ದರೆ ನಿಮಗೇ ಗೊತ್ತಾಗುತ್ತದೆ. ಘನ ಅಡಿ ಲೆಕ್ಕಕ್ಕೂ ಇನ್ನೊಂದು ತೊಡಕಿದೆ. ಸ್ವಲ್ಪ ತೇವ ಇರುವ ಮರಳು ಉಬ್ಬಿ ಹೆಚ್ಚು ಜಾಗ ಹಿಡಿಯುತ್ತದೆ, ಒಣಗಿದಾಗ ಕುಗ್ಗುತ್ತದೆ. ಕಾಲು ಭಾಗದಷ್ಟು ವ್ಯತ್ಯಾಸ ಬರಬಹುದು.

ನಿಮಗೆ ಬೀಮ್ ಮತ್ತು ಬೆಡ್ ಸೇರಿ ಒಣ ಮರಳು 95 ಘನ ಅಡಿ ಬೇಕು. ಉಬ್ಬುವಿಕೆ ಸೇರಿಸಿ 120 ಘನ ಅಡಿ ಬರೆಯಿರಿ. ಗಾಡಿ ಬಂದಾಗ ಸುರಿಯುವ ಮೊದಲು ಮೇಲೆ ಸಮ ಮಾಡಿಸಿ. ನಾಲ್ಕೈದು ಕಡೆ ಕಂಬಿ ತುಂಡನ್ನು ತಳದವರೆಗೆ ಚುಚ್ಚಿ ಎತ್ತರ ನೋಡಿ ಸರಾಸರಿ ತೆಗೆಯಿರಿ. ಒಳಗಿನ ಉದ್ದ 10 ಅಡಿ, ಅಗಲ 5 ಅಡಿ ಇದ್ದರೆ ಎತ್ತರ 2.4 ಅಡಿ ಇರಬೇಕು. ಸುರಿದ ಮೇಲೆ ರಾಶಿಯನ್ನು ಅಳೆಯುವುದು ಕಷ್ಟ.

"ಕಾಂಕ್ರೀಟಿಗೆ ಬಳಸುವ ಎಂ-ಸ್ಯಾಂಡ್" ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ಗಾರೆಗೆ ಬಳಸುವ ಪಿ-ಸ್ಯಾಂಡ್ ಬರಬಹುದು, ಬರೀ ಕ್ರಷರ್ ದೂಳೂ ಬರಬಹುದು. ಗಾಜಿನ ಲೋಟದಲ್ಲಿ ಅರ್ಧ ಮರಳು, ಮೇಲೆ ನೀರು ಹಾಕಿ ಕಲಕಿ ಕೆಲವು ಗಂಟೆ ಬಿಡಿ. ಮರಳಿನ ಮೇಲೆ ದಪ್ಪ ಕೆನೆಯಂತೆ ದೂಳಿನ ಪದರ ಕೂತರೆ ಆ ಗಾಡಿ ಬೇಡ. ಈ ಪರೀಕ್ಷೆಗೆ ಸಮಯ ಬೇಕಾದ್ದರಿಂದ ಒಂದು ಡಬ್ಬಿ ಮಾದರಿಯನ್ನು ಮೊದಲೇ ತರಿಸಿಕೊಳ್ಳಿ. ಬಂದ ಗಾಡಿಯ ಮರಳು ಅದಕ್ಕೆ ಹೊಂದುತ್ತದೆಯೇ ಎಂದು ಪಕ್ಕಪಕ್ಕ ಹಿಡಿದು ನೋಡಿದರೆ ಸಾಕು.

ಟ್ರ್ಯಾಕ್ಟರ್ ಮಾಲೀಕ, ಕುಣಿಗಲ್

ಅಡಿ ಲೆಕ್ಕದಲ್ಲಿ ದಾರಿಯ ಕುಲುಕಾಟಕ್ಕೆ ಮರಳು ಕುಸಿಯುತ್ತದೆ. ಮನೆಯವರು ಬಂದು ಕಡಿಮೆ ಇದೆ ಎಂದು ಜಗಳ ತೆಗೆಯುತ್ತಾರೆ. ನಾವು ತುಂಬಿಸಿದ್ದು ಸರಿಯಾಗಿಯೇ ಇರುತ್ತದೆ. ನನ್ನ ಮಾತು ಟನ್ನೇ.

ಎರೆಮಣ್ಣು, ಗದಗ

ನಮ್ಮದು ಕಪ್ಪು ಮಣ್ಣು. ನಮ್ಮ ಮೇಸ್ತ್ರಿ ಬೀಮ್ ಕೆಳಗೆ ಬೆಡ್ ಹಾಕುವುದೇ ತಪ್ಪು, ಬೀಮ್ ಮಣ್ಣಿಗೆ ತಾಗಲೇಬಾರದು ಎನ್ನುತ್ತಾನೆ. ಹಾಗಾದರೆ ಇವರ ಎಂಟು ಚೀಲ ಸಿಮೆಂಟ್ ದಂಡವಲ್ಲವೇ?

ಸೈಟ್ ನೋಟ್‌ಬುಕ್, ಮೈಸೂರು

ನಿಮ್ಮ ಮೇಸ್ತ್ರಿ ನಿಮ್ಮ ಮಣ್ಣಿಗೆ ಸರಿಯಾಗಿ ಹೇಳಿದ್ದಾರೆ. ಎರೆಮಣ್ಣು ಮಳೆಗೆ ಉಬ್ಬಿ ಬೀಮನ್ನು ಕೆಳಗಿನಿಂದ ಎತ್ತುತ್ತದೆ, ಆದ್ದರಿಂದ ಅಡಿಯಲ್ಲಿ ಖಾಲಿ ಜಾಗ ಬಿಡುತ್ತಾರೆ. ತುಮಕೂರಿನ ಇವರದು ಕೆಂಪು ಗಟ್ಟಿ ನೆಲ, ಇಲ್ಲಿ ಬೆಡ್ ಬೇಕು. ಬೆಡ್ ಇಲ್ಲದಿದ್ದರೆ ಕಂಬಿ ಮಣ್ಣಿಗೆ ತಾಗುತ್ತದೆ, ಕಾಂಕ್ರೀಟಿನ ಹಾಲು ನೆಲಕ್ಕೆ ಇಂಗುತ್ತದೆ. ನಿಮ್ಮಲ್ಲಿ ಎಷ್ಟು ಜಾಗ ಬಿಡಬೇಕು, ಅಡಿಗೆ ಏನು ಹಾಕಿ ಸೆಂಟ್ರಿಂಗ್ ಮಾಡಬೇಕು ಎಂಬುದನ್ನು ಮಣ್ಣು ನೋಡಿದ ಎಂಜಿನಿಯರೇ ಹೇಳಬೇಕು. ಇಲ್ಲಿ ಕೂತು ಹೇಳುವ ಮಾತಲ್ಲ.

ಪಾಯದ ಮನೆ, ತುಮಕೂರು

ಎಲ್ಲರ ಮಾತನ್ನೂ ಸೇರಿಸಿ ಪತ್ರವನ್ನು ಹೀಗೆ ಬರೆದಿದ್ದೇನೆ:

"ಮಾನ್ಯರೇ,

ವಿಷಯ: ಪ್ಲಿಂತ್ ಬೀಮ್ ಕೆಲಸಕ್ಕೆ ಮೂರು ಕಂತುಗಳಲ್ಲಿ ಸಾಮಾನು ಪೂರೈಸುವ ಬಗ್ಗೆ.

ಜನವರಿ 31, ಶನಿವಾರ ಕಾಂಕ್ರೀಟ್ ಹಾಕಲು ನಿಗದಿಯಾಗಿದೆ. ಅದಕ್ಕೆ ಹೊಂದುವಂತೆ ಕೆಳಗಿನ ದಿನಗಳಲ್ಲಿ ಸಾಮಾನು ನಿವೇಶನಕ್ಕೆ ತಲುಪಬೇಕು.

ಜನವರಿ 19, ಸೋಮವಾರ ಬೆಳಿಗ್ಗೆ: 12 ಎಂ.ಎಂ. ಕಂಬಿ, 12 ಮೀಟರ್ ಉದ್ದದ್ದು 25 (ಸುಮಾರು 266 ಕೆ.ಜಿ.). 8 ಎಂ.ಎಂ. ಕಂಬಿ 35 (ಸುಮಾರು 166 ಕೆ.ಜಿ.). ಎರಡೂ ಎಫ್‌ಇ 500ಡಿ, ಐಎಸ್‌ಐ ಗುರುತಿನವು, ಒಂದೇ ಕಂಪನಿಯವು. ಕಟ್ಟುವ ತಂತಿ 5 ಕೆ.ಜಿ. ಪಿಪಿಸಿ ಸಿಮೆಂಟ್ 8 ಚೀಲ.

ಜನವರಿ 20, ಮಂಗಳವಾರ: ಕಾಂಕ್ರೀಟಿಗೆ ಬಳಸುವ ಎಂ-ಸ್ಯಾಂಡ್ 120 ಘನ ಅಡಿ, ಮೊದಲೇ ಕೊಟ್ಟ ಮಾದರಿಯಂತೆ. ಗಾಡಿಯಲ್ಲೇ ಅಳತೆ ಮಾಡಿ ಇಳಿಸಿಕೊಳ್ಳಲಾಗುವುದು.

ಜನವರಿ 30, ಶುಕ್ರವಾರ ಮಧ್ಯಾಹ್ನದ ನಂತರ: ಪಿಪಿಸಿ ಸಿಮೆಂಟ್ 36 ಚೀಲ, ಮೊದಲ ಕಂತಿನ ಕಂಪನಿಯದೇ. ತಯಾರಾಗಿ ಒಂದೂವರೆ ತಿಂಗಳು ಮೀರಿರಬಾರದು.

ತೆರಿಗೆ, ಸಾಗಣೆ ಮತ್ತು ಹಮಾಲಿ ಸೇರಿದ ದರವನ್ನು ಬರಹದಲ್ಲಿ ತಿಳಿಸಿ. ಆ ದರ ಮೂರೂ ಕಂತುಗಳಿಗೆ ಅನ್ವಯವಾಗಬೇಕು. ಪ್ರತಿ ಕಂತು ಇಳಿದ ದಿನವೇ ಅದರ ಹಣ ಪಾವತಿಸಲಾಗುವುದು. ನಿವೇಶನದ ರಸ್ತೆ 20 ಅಡಿ, ಆರು ಚಕ್ರದ ಗಾಡಿ ಬರುತ್ತದೆ."

ಅಂಗಡಿ ಕಟ್ಟೆ, ಚಿತ್ರದುರ್ಗ

ಇಂಥ ಪತ್ರ ಬಂದರೆ ನಾನು ಗೋಡೆಗೆ ಅಂಟಿಸಿಕೊಳ್ಳುತ್ತೇನೆ, ಹುಡುಗರಿಗೆ ಮತ್ತೆ ಮತ್ತೆ ಹೇಳುವುದು ತಪ್ಪುತ್ತದೆ. ಎರಡು ವಿಷಯ ಸೇರಿಸಿ. ಕಂಬಿಯ ಹಣ ತೂಗಿದ ತೂಕಕ್ಕೋ, ಪುಸ್ತಕದ ತೂಕಕ್ಕೋ? ಬಹಳ ಅಂಗಡಿಗಳಲ್ಲಿ ಕಂಬಿ ಎಣಿಸಿ, ಕಂಬಿಗೆ 10.66 ಕೆ.ಜಿ. ಎಂದು ಗುಣಿಸಿ ಬಿಲ್ ಹಾಕುತ್ತಾರೆ. ಕಂಬಿ ತೆಳುವಾಗಿದ್ದರೆ ನಿಮಗೆ ನಷ್ಟ. ಎರಡನೆಯದು, 30ರ ಸಿಮೆಂಟನ್ನು 28ರಂದು ಫೋನಿನಲ್ಲಿ ಖಚಿತಪಡಿಸುತ್ತೇವೆ ಎಂದು ಬರೆಯಿರಿ. ಕಂಬಿ ಕಟ್ಟುವುದು ತಡವಾದರೆ ನೀವು ಬೇಡವೆನ್ನುತ್ತೀರಿ, ಅಷ್ಟರಲ್ಲಿ ನನ್ನ ಗಾಡಿ ಹೊರಟಿರುತ್ತದೆ.

ಸೈಟ್ ನೋಟ್‌ಬುಕ್, ಮೈಸೂರು

ತೂಕದ ಬಗ್ಗೆ ಇವರು ಹೇಳಿದ್ದು ಮುಖ್ಯ. ಐಎಸ್ 1786ರ ಪ್ರಕಾರ 12 ಎಂ.ಎಂ. ಕಂಬಿಯ ತೂಕದಲ್ಲಿ ಶೇ 5, 8 ಎಂ.ಎಂ. ಕಂಬಿಯಲ್ಲಿ ಶೇ 7 ಹೆಚ್ಚುಕಡಿಮೆಗೆ ಅವಕಾಶವಿದೆ. ನಿಮ್ಮ 25 ಕಂಬಿ 253 ಕೆ.ಜಿ.ಗಿಂತ ಕಡಿಮೆ ತೂಗಿದರೆ ವಾಪಸ್ ಕಳುಹಿಸುವ ಹಕ್ಕು ನಿಮಗಿದೆ, ಅದನ್ನೂ ಪತ್ರದಲ್ಲಿ ಬರೆಯಿರಿ. ಎರಡು ಗಾತ್ರವನ್ನೂ ಬೇರೆ ಬೇರೆ ತೂಗಿಸಬೇಕು. ಲಾರಿ ತೂಗುವ ವೇ ಬ್ರಿಡ್ಜ್‌ನಲ್ಲಿ ಇಷ್ಟು ಸಣ್ಣ ತೂಕ ನಿಖರವಾಗಿ ಸಿಗುವುದಿಲ್ಲ, ಅಂಗಡಿಯ ತಕ್ಕಡಿಯಲ್ಲೇ ಕಟ್ಟು ಕಟ್ಟಾಗಿ ತೂಗಿಸಿ. ಅನುಮಾನವಿದ್ದರೆ ಸರಿಯಾಗಿ ಒಂದು ಮೀಟರ್ ತುಂಡು ಕತ್ತರಿಸಿ ಕಿರಾಣಿ ಅಂಗಡಿಗೆ ಒಯ್ಯಿರಿ. 12 ಎಂ.ಎಂ. ತುಂಡು 888 ಗ್ರಾಂ ಆಸುಪಾಸು, 8 ಎಂ.ಎಂ. ತುಂಡು 395 ಗ್ರಾಂ ಆಸುಪಾಸು ಬರಬೇಕು.

ಲೆಕ್ಕದ ಮೇಷ್ಟ್ರು

25ರ ಬದಲು 30 ಕಂಬಿ ತರಿಸಿ ಎಂಬುದು ನನ್ನ ಹಟ. ಉಳಿದದ್ದು ಲಿಂಟಲ್‌ಗೆ ಆಗುತ್ತದೆ. ಮೂರು ಚೂರು ಜೋಡಿಸಿ ಒಂದು ಕಂಬಿ ಮಾಡುವುದನ್ನು ನನ್ನ ಮನಸ್ಸು ಒಪ್ಪುತ್ತಿಲ್ಲ.

ಪಾಯದ ಮನೆ, ತುಮಕೂರು

ಮೇಷ್ಟ್ರೇ, ಅದನ್ನು ನಮ್ಮ ಎಂಜಿನಿಯರ್ ಮುಂದಿಡುತ್ತೇನೆ. ಜೋಡಣೆ ಬೇಡವೆಂದರೆ 28 ಬೇಕಾಗುತ್ತದೆ, ಆಗ ನಿಮ್ಮ ಆರು ಕಟ್ಟೇ ಆಗುತ್ತದೆ. ತೂಗಿದ ತೂಕಕ್ಕೆ ಬಿಲ್, 28ನೇ ತಾರೀಕಿನ ಫೋನ್, ಎರಡನ್ನೂ ಸೇರಿಸಿದ್ದೇನೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಅಂಗಡಿಯ ಮೊಹರು ಮತ್ತು ಸಹಿ ಹಾಕಿಸಿಕೊಂಡು ಬರುತ್ತೇನೆ. ಮರಳಿನ ಮಾದರಿಗೆ ಡಬ್ಬಿಯನ್ನೂ ಜೊತೆಗೇ ಒಯ್ಯುತ್ತೇನೆ.